‘ಫೋರ್ಸ್’ಗೆ ರಕ್ತಪರೀಕ್ಷೆ ಬೇಕಿತ್ತೇ?

ಮಾನ್ಯರೇ,

ಅಂತರಿಕ್ಷದ ಕಥೆಯಲ್ಲಿ ದೈವಶಕ್ತಿ ಯಾಕೆ ಎಂದು ಮೂಗು ಮುರಿಯುವವರು ‘ಸ್ಟಾರ್ ವಾರ್ಸ್’ ನೋಡಲಿ. 1977ರ ಮೊದಲ ಚಿತ್ರದಲ್ಲಿ ‘ಫೋರ್ಸ್’ ಎಂದರೆ ಜೀವಿಗಳೆಲ್ಲ ಸೇರಿ ಹುಟ್ಟಿಸುವ, ನಕ್ಷತ್ರಪುಂಜವನ್ನೇ ಬೆಸೆದಿರುವ ಶಕ್ತಿ. ನೌಕೆಯ ಚಾಲಕ ಹ್ಯಾನ್ ಸೋಲೊ ಅದನ್ನು ಗೇಲಿ ಮಾಡುತ್ತಾನೆ. ಕಥಾನಾಯಕ ಲ್ಯೂಕ್ ಮಾತ್ರ ಗುರಿ ಹಿಡಿಯುವ ಕಂಪ್ಯೂಟರನ್ನೇ ಆರಿಸಿ, ಆ ಶಕ್ತಿಯನ್ನು ನಂಬಿ ಡೆತ್ ಸ್ಟಾರನ್ನು ಉಡಾಯಿಸುತ್ತಾನೆ. ಗ್ರಹವನ್ನೇ ಸಿಡಿಸುವ ಯಂತ್ರದೆದುರು ಒಬ್ಬ ಹುಡುಗನ ನಿರ್ಧಾರಕ್ಕೆ ತೂಕ ಬರಬೇಕಾದರೆ ಕಥೆಗಾರನಿಗೆ ಇಂಥದ್ದೊಂದು ಬೇಕೇ ಬೇಕು.

ಇದೇ ಸರಣಿಯ 1999ರ ಚಿತ್ರ ಈ ಶಕ್ತಿಯನ್ನು ರಕ್ತದಲ್ಲಿ ಎಣಿಸಬಹುದಾದ ‘ಮಿಡಿಕ್ಲೋರಿಯನ್’ ಎಂಬ ಸೂಕ್ಷ್ಮಜೀವಿಗಳಿಗೆ ಗಂಟು ಹಾಕಿತು. ಬಾಲಕ ಅನಾಕಿನ್‌ನ ಎಣಿಕೆ 20,000ಕ್ಕೂ ಹೆಚ್ಚು, ಮಹಾಗುರು ಯೋಡಾನಿಗೂ ಇಲ್ಲದಷ್ಟು! ಅನೇಕ ಅಭಿಮಾನಿಗಳು ಮುನಿಸಿಕೊಂಡದ್ದು ನ್ಯಾಯವೇ. ಸಾಧನೆಯಿಂದ ಒಲಿಯುವಂತೆ ಕಂಡಿದ್ದು ಲ್ಯಾಬ್ ರಿಪೋರ್ಟಿನ ಅಂಕಿಯಾಗಿಬಿಟ್ಟಿತು.

– ಓದುಗ, ಶಿವಮೊಗ್ಗ