ಮೇಳದಲ್ಲಿ ಸಿಕ್ಕವರಿಗೆ ಬರೆಯೋ ಮೊದಲು

ಸಿಂಚನಾ,

ಬೆಂಗಳೂರಿನ ಮೇಳದಲ್ಲಿ ಕಾರ್ಡ್ ಕೊಟ್ಟವರಿಗೆ ಕಳಿಸೋಕೆ ಅಂತ ನೀನು ಬರೆದಿಟ್ಟಿದ್ದನ್ನ ಓದಿದೆ. ಎಲ್ಲರಿಗೂ ಒಂದೇ ಮೆಸೇಜು, ಜೊತೆಗೆ ತೋಟದ ಬ್ರೋಶರ್. "ಭೇಟಿಯಾಗಿ ಸಂತೋಷವಾಯಿತು, ಕಾಫಿ ಬೇಕಿದ್ದರೆ ತಿಳಿಸಿ" ಅಂದರೆ ಯಾರೂ ಉತ್ತರ ಕೊಡಲ್ಲ ಕಣಮ್ಮ. ಚಿಕ್ಕಮಗಳೂರು ಕಡೆಯ ಸ್ಟಾಲ್‌ಗಳನ್ನೇ ಅವರು ಅವತ್ತು ಎಷ್ಟು ಸುತ್ತಿರ್ತಾರೋ, ಅದರಲ್ಲಿ ನೀನು ಯಾರು ಅಂತ ಮೊದಲು ನೆನಪಾಗಬೇಕಲ್ವಾ?

ಮೈಸೂರಿನ ಕಾಫಿಪುಡಿ ಅಂಗಡಿಯವರ ವಿಷಯ ಫೋನಲ್ಲಿ ಹೇಳಿದ್ಯಲ್ಲ, ಅವರಿಗೆ ಹೀಗೆ ಬರಿ:

"ನಮಸ್ಕಾರ ಸರ್, ನಾನು ಮೂಡಿಗೆರೆಯ ಸಿಂಚನಾ. ಶನಿವಾರ ಮೇಳದಲ್ಲಿ ನಮ್ಮ ರೋಬಸ್ಟಾ ಪಾರ್ಚ್‌ಮೆಂಟ್ ಬೀಜ ಅಂಗೈಗೆ ಹಾಕಿಕೊಂಡು ಮೂಸಿ ನೋಡಿದ್ರಿ. ಹೋದ ವರ್ಷ ತಗೊಂಡ ಮಾಲಲ್ಲಿ ಹುಳಿ ವಾಸನೆ ಇತ್ತು, ಗಿರಾಕಿಗಳು ಬೇಜಾರು ಮಾಡ್ಕೊಂಡ್ರು ಅಂದಿದ್ರಿ. ನಮ್ಮ ಈ ಲಾಟ್ ಕೊಯ್ದ ದಿನವೇ ಪಲ್ಪಿಂಗ್ ಮಾಡಿದ್ದು. ಇದರಿಂದ 350 ಗ್ರಾಂ ಹುರಿಯದ ಬೀಜ ಗುರುವಾರ ಕೊರಿಯರ್ ಮಾಡಲಾ? ವಿಳಾಸ ಕಳಿಸಿದರೆ ಸಾಕು."

ನೋಡು, ಹುಳಿ ವಾಸನೆ ಅನ್ನೋದು ಅವರ ತೊಂದರೆ, ಅವರದೇ ಮಾತು, ಅದನ್ನ ಓದಿದ ತಕ್ಷಣ ನಿನ್ನ ಮುಖ ನೆನಪಾಗುತ್ತೆ. ಹಣ್ಣು ರಾಶಿ ಹಾಕಿ ಪಲ್ಪಿಂಗ್ ತಡ ಮಾಡಿದರೆ ಆ ವಾಸನೆ ಬರೋದು ಅವರಿಗೂ ಗೊತ್ತು. ಹಾಗಾಗಿ ಆ ಒಂದು ಸಾಲು ಬ್ರೋಶರ್‌ಗಿಂತ ಜಾಸ್ತಿ ಹೇಳುತ್ತೆ.

ಕೇಳೋದು ಒಂದೇ ಇರಲಿ. ತೋಟಕ್ಕೆ ಬನ್ನಿ, ರೇಟ್ ನೋಡಿ, ಯಾವಾಗ ಫೋನ್ ಮಾಡಲಿ ಅಂತ ಮೂರು ಕೇಳಿದರೆ ಆಮೇಲೆ ನೋಡೋಣ ಅಂತ ಪಕ್ಕಕ್ಕಿಡ್ತಾರೆ, ಆ ಆಮೇಲೆ ಬರೋದೇ ಇಲ್ಲ. ಸ್ಟಾಲಲ್ಲೇ ರೇಟ್ ಕೇಳಿದ್ದವರಿಗೆ ಮಾತ್ರ ರೇಟ್ ಬರಿ. ಉಳಿದವರು ಅದನ್ನ ಪೇಟೆ ಧಾರಣೆ ಪಕ್ಕ ಇಟ್ಟು ನೋಡ್ತಾರೆ, ಕುಡಿದು ನೋಡಲ್ಲ.

ಸ್ಯಾಂಪಲ್ ಕಳಿಸ್ತೀನಿ ಅಂದಮೇಲೆ ಮೂಟೆಯ ಮೇಲೆ, ಮಧ್ಯೆ, ತಳ ಎಲ್ಲ ಕಡೆಯಿಂದ ತೆಗೆದು ಕಲಸು. ಚೆಂದದ ಬೀಜ ಮಾತ್ರ ಆರಿಸಿ ಕಳಿಸಿದರೆ, ನಾಳೆ ಮಾಲು ಇಳಿದಾಗ ಜಗಳ ಗ್ಯಾರಂಟಿ. ಕಲಸಿದ್ದರಲ್ಲೇ ಒಂದಿಷ್ಟು ಬೀಜ ತೆಗೆದು, ಲಾಟ್ ನಂಬರ್ ಬರೆದು ನಿನ್ನ ಹತ್ರ ಇಟ್ಕೋ, ಅವರು ಏನಾದ್ರೂ ಹೇಳಿದರೆ ನೀನೂ ಹುರಿದು ನೋಡಬಹುದು. ಅವರ ಹತ್ರ ದೊಡ್ಡ ಡ್ರಮ್ ಮಾತ್ರ ಇದ್ದರೆ 350 ಗ್ರಾಂ ಅದರಲ್ಲಿ ಸರಿಯಾಗಿ ಹುರಿಯೋಕಾಗಲ್ಲ. ಜಾಸ್ತಿ ಕೇಳ್ತಾರೆ, ಕೊಡು.

ಏನು ಮಾತಾಡಿದ್ರಿ ಅಂತ ನೆನಪಿಲ್ಲದವರಿಗೆ ಸುಮ್ನೆ ಕಟ್ಟಿ ಬರೀಬೇಡ. "ಮೇಳದಲ್ಲಿ ಕಾರ್ಡ್ ಕೊಟ್ಟಿದ್ರಿ, ನಿಮಗೆ ಬೇಕಾಗೋದು ಅರೇಬಿಕಾನೋ ರೋಬಸ್ಟಾನೋ?" ಅಂತ ಕೇಳು, ಅಷ್ಟೇ.

ಪಾರ್ಸೆಲ್ ತಲುಪಿದ ಮಾರನೇ ದಿನವೇ ಹೇಗಿತ್ತು ಅಂತ ಕೇಳಬೇಡ. ಹುರಿದು, ಒಂದೆರಡು ದಿನ ಬಿಟ್ಟು ಕುಡಿದು ನೋಡ್ತಾರೆ. ವಾರ ಬಿಟ್ಟು ಒಂದು ಸಲ ಕೇಳು. ಆಗಲೂ ಸುದ್ದಿ ಇಲ್ಲದಿದ್ದರೆ ಮುಂದಿನ ಕೊಯ್ಲಿನವರೆಗೆ ಬಿಟ್ಬಿಡು.

ಮೈಸೂರಿನವರಿಗೆ ಇವತ್ತೇ ಕಳಿಸು, ಮೇಳ ಮುಗಿದು ಆಗಲೇ ಮೂರು ದಿನ ಆಯ್ತು.

ನಿನ್ನ ದೊಡ್ಡಪ್ಪ