ಅಪ್ಪನನ್ನು ನೋಡಿಕೊಂಡ ರಾತ್ರಿ ಪಾಳಿಯ ಸಿಸ್ಟರ್‌ಗೆ

ಅಪ್ಪ ಈಗ ಬೆಳಿಗ್ಗೆ ಊರಿನ ಹಾಲಿನ ಡೇರಿಗೆ ತಾವೇ ಹೋಗಿ ಬರುತ್ತಿದ್ದಾರೆ. ಅವರಿಗಿರುವುದು ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಸೋಲುವ ಕಾಯಿಲೆ. ಹೊಟ್ಟೆಯ ನೀರು ತೆಗೆದ ವೈದ್ಯರಿಗೆ, ಕಾರು ಕೊಟ್ಟ ಚಿಕ್ಕಪ್ಪನಿಗೆ, ಕೋಲಾರದಿಂದ ಊಟ ತಂದುಕೊಟ್ಟ ಅತ್ತೆಯವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಆದರೆ ಹೆಚ್ಚಿನ ಮಾತು ರಾತ್ರಿ ಪಾಳಿಯ ಸಿಸ್ಟರ್ ಒಬ್ಬರಿಗೆ ಸಲ್ಲಬೇಕು. ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ಅಪ್ಪ ನನ್ನನ್ನು ತೀರಿಕೊಂಡ ಸೋದರತ್ತೆಯ ಹೆಸರಿನಿಂದ ಕರೆಯುತ್ತ, ಮಂಚದಿಂದ ಇಳಿಯಲು ಹಟ ಹಿಡಿದಿದ್ದರು. ಹಗಲೆಲ್ಲ ನಿದ್ದೆ, ಇರುಳೆಲ್ಲ ಎಚ್ಚರ. ನನಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ನಿದ್ದೆಯ ಇಂಜೆಕ್ಷನ್ ಕೊಡಿಸಿ ಎಂದು ಪಕ್ಕದ ಹಾಸಿಗೆಯವರು ಹೇಳಿದಾಗ ಸಿಸ್ಟರ್, ‘ಲಿವರ್ ಕೆಟ್ಟವರಿಗೆ ಅದು ಮಂಪರನ್ನು ಹೆಚ್ಚಿಸುತ್ತದೆ ಅಮ್ಮಾ’ ಎಂದು ತಡೆದರು. ‘ತಾತ, ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ಮೇಲಕ್ಕೆ ಮಡಚಿ’ ಎಂದರು. ಅಪ್ಪನ ಕೈಗಳು ನಿಲ್ಲದೆ ಪಟಪಟನೆ ಕೆಳಗೆ ಬೀಳುತ್ತಿದ್ದವು. ಬಳಿಕ ಅವರು ಕೇಳಿದ್ದು, ಕೊನೆಯ ಸಲ ಮಲವಿಸರ್ಜನೆ ಆದದ್ದು ಯಾವಾಗ ಎಂದು. ಹಿಂದಿನ ಮೂರು ದಿನ ಆಗಿರಲಿಲ್ಲ. ಕರುಳಿನಲ್ಲಿ ಮಲ ನಿಂತರೆ ಅಲ್ಲಿ ಹುಟ್ಟುವ ಅಮೋನಿಯಾ ರಕ್ತಕ್ಕೆ ಸೇರುತ್ತದೆ, ಸೋತ ಲಿವರ್ ಅದನ್ನು ತೆಗೆದುಹಾಕಲಾರದು, ಅದು ಮಿದುಳಿಗೆ ಮಂಕು ಕವಿಸುತ್ತದೆ ಎಂದು ಅವರೇ ತಿಳಿಸಿದರು.

ಡ್ಯೂಟಿ ಡಾಕ್ಟರನ್ನು ಕರೆಸಿದ್ದೂ ಅವರೇ. ಹೊಟ್ಟೆಯ ನೀರಿಗೆಂದು ಕೊಡುತ್ತಿದ್ದ ನೀರಿನ ಮಾತ್ರೆಯಿಂದ ಮೈ ಒಣಗಿ, ಪೊಟ್ಯಾಸಿಯಂ ಇಳಿದಿರುವುದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿ, ಆ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಮಂಪರಿನಲ್ಲಿ ನುಂಗಿಸಿದರೆ ಶ್ವಾಸಕೋಶಕ್ಕೆ ಇಳಿದೀತೆಂದು ಬಾಯಿಗೆ ಒಂದು ಹನಿಯೂ ಹಾಕದೆ, ತಲೆಭಾಗ ಎತ್ತಿ ಪಕ್ಕಕ್ಕೆ ಮಲಗಿಸಿ, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಔಷಧವನ್ನು ಎನಿಮಾದ ಮೂಲಕ ಕೊಟ್ಟರು. ಬೆಳಗಾಗುವವರೆಗೆ ಸಿಸ್ಟರ್ ಮತ್ತೆ ಮತ್ತೆ ಬಂದು, ಒದ್ದೆಯಾದ ಬಟ್ಟೆ ಬದಲಿಸಿ, ಹೆಸರು ಕೇಳಿ ಎಚ್ಚರ ನೋಡುತ್ತಿದ್ದರು. ಮರುದಿನ ಮಧ್ಯಾಹ್ನ ಅಪ್ಪ ನನ್ನನ್ನು ಗುರುತಿಸಿದರು.

ಮನೆಗೆ ಕಳುಹಿಸುವಾಗ ಅವರು ಹೇಳಿದ್ದನ್ನು ಹಾಗೆಯೇ ಪಾಲಿಸುತ್ತಿದ್ದೇವೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗುವಷ್ಟು ಲ್ಯಾಕ್ಟುಲೋಸ್ ಸಾಕು. ಅದಕ್ಕೂ ಹೆಚ್ಚಾಗಿ ನೀರು ನೀರಾದರೆ ಮೈಯ ನೀರು ಹೋಗಿ ಮತ್ತೆ ಮಂಪರೇ ಬರುತ್ತದೆಯಾದ್ದರಿಂದ ವೈದ್ಯರನ್ನು ಕೇಳಿ ಕಡಿಮೆ ಮಾಡಬೇಕು. ಅಡುಗೆಯದೂ ಸೇರಿ ಇಡೀ ದಿನಕ್ಕೆ ಉಪ್ಪು ಒಂದು ಟೀ ಚಮಚ, ಸುಮಾರು 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ ಬೇಡ. ಬೇಳೆ, ಮೊಸರು ಬಿಡಿಸಿ ಎಂದು ನೆಂಟರು ಸಲಹೆ ಕೊಟ್ಟರು, ಅವರ ಪ್ರೀತಿಗೆ ಋಣಿ. ಆದರೆ ಸಿಸ್ಟರ್ ಹೇಳಿದ್ದು ಅದಕ್ಕೆ ವಿರುದ್ಧವಾದದ್ದು. ಪ್ರೋಟೀನ್ ಕಡಿಮೆಯಾದರೆ ಮಾಂಸಖಂಡ ಕರಗುತ್ತದೆ, ಅಮೋನಿಯಾವನ್ನು ಹಿಡಿಯುವ ಕೆಲಸದಲ್ಲಿ ಮಾಂಸಖಂಡಕ್ಕೂ ಪಾಲಿದೆ. ಹೊಟ್ಟೆಯ ನೀರನ್ನು ಬಿಟ್ಟು ಲೆಕ್ಕ ಹಾಕಿದ ತೂಕದ ಒಂದೊಂದು ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಂತೆ. ಹೀಗಾಗಿ ಮುದ್ದೆಯ ಜೊತೆ ಹೆಸರುಕಾಳಿನ ಸಾರು, ಮೊಸರು, ಮಲಗುವ ಮುನ್ನ ಹಾಲು ಹಾಕಿದ ರಾಗಿ ಗಂಜಿ ತಪ್ಪುವುದಿಲ್ಲ. ರಾತ್ರಿಯ ಉದ್ದನೆಯ ಉಪವಾಸವೂ ಮಾಂಸಖಂಡವನ್ನೇ ತಿನ್ನುತ್ತದೆಯಂತೆ.

ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ ತೂಕ ನೋಡಿ, ಅದೇ ಹಾಳೆಯಲ್ಲಿ ಅಪ್ಪನಿಂದ ಸಹಿ ಹಾಕಿಸುತ್ತೇವೆ. ತೂಕ ಏರಿದರೆ ಹೊಟ್ಟೆಯಲ್ಲಿ ನೀರು ಸೇರುತ್ತಿದೆ ಎಂದೂ, ಅಕ್ಷರ ಸೊಟ್ಟಗಾದರೆ ಮಂಪರು ಬರುತ್ತಿರಬಹುದು ಎಂದೂ ತಿಳಿದು ಆಸ್ಪತ್ರೆಗೆ ಫೋನ್ ಮಾಡಬೇಕು. ಜ್ವರ, ಹೊಟ್ಟೆನೋವು, ಕಪ್ಪು ಮಲ ಕಂಡರೆ ಕಾಯದೆ ಹೊರಡಬೇಕು. ಸಹಿ ಹಾಕಿಸುವ ಈ ಉಪಾಯವೂ ಸಿಸ್ಟರ್ ಅವರದೇ. ಹೆಸರು ಬರೆಯಬೇಡಿ ಎಂದಿದ್ದಕ್ಕೆ ಬರೆದಿಲ್ಲ. ಇದನ್ನು ಓದಿದರೆ ತಮಗೇ ಎಂದು ಅವರಿಗೆ ತಿಳಿಯುತ್ತದೆ.