ನಲವತ್ತು ಪರ್ಸೆಂಟ್ ಬ್ಲಾಕ್ ಮತ್ತು ಹೃದಯಾಘಾತ

ಮಾನ್ಯ ಸಂಪಾದಕರೇ,

ಹೃದಯಾಘಾತದ ಸುದ್ದಿಯ ಜೊತೆ ಸಾಮಾನ್ಯವಾಗಿ ಒಂದು ಚಿತ್ರ ಅಚ್ಚಾಗುತ್ತದೆ: ಪೈಪಿನೊಳಗೆ ಜಿಡ್ಡು ಕಟ್ಟಿದಂತೆ ರಕ್ತನಾಳದಲ್ಲಿ ಕೊಬ್ಬು ಅಂಟಿಕೊಂಡು, ದಾರಿ ಮೆಲ್ಲಗೆ ಮುಚ್ಚಿಹೋಗುವುದು. ಇದನ್ನು ನಂಬಿದವರು ‘ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್, ಇನ್ನೇನು ಭಯ’ ಎಂದುಕೊಳ್ಳುತ್ತಾರೆ. ಹಾಗಾಗಿ ಈ ಪತ್ರ.

ಕೊಲೆಸ್ಟರಾಲ್ ಸೇರುವುದು ನಾಳದ ಗೋಡೆಯ ಒಳಗೇ. ನಾಳ ಕವಲೊಡೆಯುವಲ್ಲಿ ರಕ್ತದ ಹರಿವು ಸುಳಿಸುತ್ತುತ್ತದೆ. ಅಲ್ಲಿ ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳು ಒಳಪೊರೆಯನ್ನು ದಾಟಿ, ಅದರ ಹಿಂದೆ ಸಿಕ್ಕಿಕೊಂಡು ಕೆಡುತ್ತವೆ. ಅವನ್ನು ತೆಗೆಯಲು ಬರುವ ಬಿಳಿರಕ್ತಕಣಗಳು ತಿಂದೂ ತಿಂದೂ ಉಬ್ಬಿ, ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಹೀಗೇ ನಡೆದು ಮೆತ್ತನೆಯ ಕೊಬ್ಬಿನ ತಿರುಳೊಂದು ಉಳಿಯುತ್ತದೆ. ಗೋಡೆಯ ಸ್ನಾಯುಕೋಶಗಳು ಅದರ ಮೇಲೆ ಕೊಲಾಜೆನ್ ನಾರಿನ ಹೊದಿಕೆ ನೇಯುತ್ತವೆ. ಇದೇ ಪ್ಲಾಕ್.

ಅಪಾಯವನ್ನು ತೀರ್ಮಾನಿಸುವುದು ಆ ಹೊದಿಕೆ. ಉರಿಯೂತ ಹೆಚ್ಚಿದಾಗ ಬಿಳಿರಕ್ತಕಣಗಳು ಸುರಿಸುವ ಕಿಣ್ವಗಳು ಕೊಲಾಜೆನ್ನನ್ನು ಕರಗಿಸುತ್ತವೆ. ಹೊದಿಕೆ 65 ಮೈಕ್ರಾನ್‌ಗಿಂತ, ಅಂದರೆ ಸುಮಾರು ಒಂದು ತಲೆಗೂದಲಿಗಿಂತ, ತೆಳುವಾದರೆ ಹರಿಯುವ ಸಾಧ್ಯತೆ ಹೆಚ್ಚು. ಹರಿಯುವುದು ಹೆಚ್ಚಾಗಿ ಅಂಚಿನಲ್ಲಿ. ಆಗ ಒಳಗಿನ ತಿರುಳು ರಕ್ತಕ್ಕೆ ತಾಗುತ್ತದೆ. ರಕ್ತಕ್ಕೆ ಅದೂ ಒಂದು ಗಾಯವೇ. ಪ್ಲೇಟ್‌ಲೆಟ್‌ಗಳು ಮುತ್ತಿ, ಫೈಬ್ರಿನ್ ಎಳೆಗಳು ಹೆಣೆದು, ನಿಮಿಷಗಳಲ್ಲೇ ಹೆಪ್ಪು ಕಟ್ಟುತ್ತದೆ. ಬೆರಳು ಕುಯ್ದಾಗ ನಮ್ಮನ್ನು ಕಾಯುವ ಕ್ರಿಯೆಯೇ ಇಲ್ಲಿ ನಾಳವನ್ನು ಮುಚ್ಚಿಬಿಡುತ್ತದೆ. (ಹೊದಿಕೆ ಹರಿಯದೆ, ಒಳಪೊರೆ ಸವೆದು ಹೆಪ್ಪುಗಟ್ಟುವುದೂ ಉಂಟು.)

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ನಾಳ ಶೇ 75ರಷ್ಟು ಕಿರಿದಾಗಿದೆ, ಆದರೆ ಹೊದಿಕೆ ದಪ್ಪ. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ, ಕೂತರೆ ಇಳಿಯುತ್ತದೆ, ಟ್ರೆಡ್‌ಮಿಲ್ಲಿನಲ್ಲೂ ಗೊತ್ತಾಗುತ್ತದೆ. ಇನ್ನೊಬ್ಬರಿಗೆ ಶೇ 40 ಮಾತ್ರ. ಪ್ಲಾಕ್ ಬೆಳೆದಂತೆ ಗೋಡೆ ಹೊರಕ್ಕೆ ಉಬ್ಬಿ ದಾರಿ ಬಿಟ್ಟುಕೊಟ್ಟಿದೆ. ಓಡಿದರೂ ರಕ್ತ ಸಾಲುತ್ತದೆ, ಪರೀಕ್ಷೆ ನಾರ್ಮಲ್ ಬರುತ್ತದೆ. ಆದರೆ ಅವರ ಹೊದಿಕೆ ತೆಳು. ಅದು ಹರಿದ ದಿನ ಶೇ 40 ಇದ್ದದ್ದು ನೋಡನೋಡುತ್ತ 100 ಆಗುತ್ತದೆ. ಟ್ರೆಡ್‌ಮಿಲ್ ಹೇಳುವುದು ದಾರಿ ಎಷ್ಟು ಕಿರಿದೆಂದು. ಹೊದಿಕೆ ಎಷ್ಟು ಗಟ್ಟಿಯೆಂದು ಅದು ಹೇಳಲಾರದು.

ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಬಗ್ಗೆಯೂ ಇದೇ ತಪ್ಪು ಲೆಕ್ಕ. ‘ವರ್ಷ ತಿಂದರೂ ಬ್ಲಾಕ್ ಅಷ್ಟೇ ಇದೆ’ ಎಂದು ನಿಲ್ಲಿಸಿಬಿಡುವವರಿದ್ದಾರೆ. ಎಲ್‌ಡಿಎಲ್ ಇಳಿದಾಗ ನಾಳದ ಅಗಲ ಹೆಚ್ಚೇನೂ ಬದಲಾಗದಿರಬಹುದು. ಒಳಗೆ ಮಾತ್ರ ತಿರುಳು ಕುಗ್ಗುತ್ತ, ಉರಿಯೂತ ತಗ್ಗುತ್ತ, ಹೊದಿಕೆ ದಪ್ಪವಾಗುತ್ತಿರುತ್ತದೆ. ಬ್ಲಾಕಿನ ಪರ್ಸೆಂಟ್ ನೋಡಿ ಮಾತ್ರೆ ಬಿಡುವವರು, ಹರಿಯದಂತೆ ಹೊದಿಕೆಯನ್ನು ಕಾಯುತ್ತಿದ್ದ ಔಷಧವನ್ನೇ ಬಿಡುತ್ತಾರೆ.

– ಒಬ್ಬ ಹೃದ್ರೋಗ ವೈದ್ಯ